ಶಿಶು ಕೈಗಾರಿಕೆ, ಡಂಪಿಂಗ್ ಮತ್ತು ರೇಷ್ಮೆ ನೂಲಿನ ಲೆಕ್ಕ

ಹೊರದೇಶದ ಸರಕಿಗೆ ಸುಂಕದ ತಡೆ ಬೇಕೆನ್ನುವವರು ಸಾಮಾನ್ಯವಾಗಿ ಎರಡು ವಾದಗಳನ್ನು ಮುಂದಿಡುತ್ತಾರೆ. ನಮ್ಮ ಕೈಗಾರಿಕೆ ಇನ್ನೂ ಎಳೆಯದು, ಬಲಿಯುವವರೆಗೆ ಅದಕ್ಕೆ ರಕ್ಷಣೆ ಬೇಕು ಎಂಬುದು ಒಂದು. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಇದನ್ನು ಶಿಶು ಕೈಗಾರಿಕೆ ವಾದ ಎನ್ನುತ್ತಾರೆ. ಹೊರಗಿನವರು ತಮ್ಮ ದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಇಲ್ಲಿ ತಂದು ಸುರಿಯುತ್ತಿದ್ದಾರೆ ಎಂಬುದು ಇನ್ನೊಂದು. ಇದು ಡಂಪಿಂಗ್ ದೂರು. ಇದಕ್ಕೆ ಕಾನೂನು ಕೊಟ್ಟಿರುವ ಮದ್ದು ಆ್ಯಂಟಿ-ಡಂಪಿಂಗ್ ಸುಂಕ. ಸಭೆಯಲ್ಲಿ, ಪತ್ರಿಕೆಯಲ್ಲಿ, ಪರೀಕ್ಷೆಯ ಉತ್ತರದಲ್ಲಿ ಇವೆರಡನ್ನೂ ಕಲಸಿ ಒಂದೇ ಮಾಡುವುದು ರೂಢಿಯಾಗಿದೆ. ಆದರೆ ಮೊದಲನೆಯದು ಕಾಲದ ಬಗ್ಗೆ ಆಡುವ ಮಾತು: ಇಂದಿನ ನಷ್ಟವನ್ನು ನಾಳಿನ ಲಾಭ ತುಂಬಿಕೊಡುತ್ತದೆ ಎಂಬ ಭರವಸೆ. ಎರಡನೆಯದು ಇಂದಿನ ಎರಡು ಬೆಲೆಗಳ ಹೋಲಿಕೆ. ಒಂದನ್ನು ಸಾಬೀತು ಮಾಡುವ ಪುರಾವೆಯಿಂದ ಇನ್ನೊಂದು ಸಾಬೀತಾಗುವುದಿಲ್ಲ.

ಶಿಶು ಕೈಗಾರಿಕೆ ವಾದ ಹಳೆಯದು. ಅಮೆರಿಕದ ಮೊದಲ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ ಕಾಂಗ್ರೆಸ್ಸಿಗೆ ಕೊಟ್ಟ ವರದಿಯಲ್ಲಿ ಇದರ ಬೀಜವಿದೆ. ಜರ್ಮನಿಯ ಫ್ರೀಡ್ರಿಖ್ ಲಿಸ್ಟ್ 1841ರಲ್ಲಿ ಇದನ್ನು ದೊಡ್ಡ ಸಿದ್ಧಾಂತವಾಗಿ ಬೆಳೆಸಿದ. ಮುಕ್ತ ವ್ಯಾಪಾರದ ಪರವಾಗಿದ್ದ ಜಾನ್ ಸ್ಟುವರ್ಟ್ ಮಿಲ್ ಕೂಡ 1848ರಲ್ಲಿ ಒಂದು ಷರತ್ತಿನ ಮೇಲೆ ಇದನ್ನು ಒಪ್ಪಿಕೊಂಡ. ರಕ್ಷಣೆ ತಾತ್ಕಾಲಿಕವಾಗಿರಬೇಕು ಮತ್ತು ಅದು ಮುಗಿದ ಮೇಲೆ ಕೈಗಾರಿಕೆ ಸ್ವಂತ ಬಲದಲ್ಲಿ ನಿಲ್ಲುತ್ತದೆಂದು ನಂಬಲು ಗಟ್ಟಿ ಕಾರಣವಿರಬೇಕು ಎಂಬುದೇ ಆ ಷರತ್ತು. ಇದನ್ನು ಮಿಲ್ ಪರೀಕ್ಷೆ ಎನ್ನುತ್ತಾರೆ. ಡಬ್ಲಿನ್‌ನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಬ್ಯಾಸ್ಟಬಲ್ ಇಷ್ಟಕ್ಕೆ ಒಪ್ಪಲಿಲ್ಲ. ಮುಂದೊಂದು ದಿನ ತನ್ನ ಕಾಲ ಮೇಲೆ ನಿಂತರೆ ಸಾಲದು, ಅಲ್ಲಿಯವರೆಗೆ ದೇಶ ಭರಿಸಿದ ನಷ್ಟವನ್ನು ಬಡ್ಡಿಯೊಂದಿಗೆ ತೀರಿಸುವಷ್ಟು ಲಾಭವೂ ಬರಬೇಕು ಎಂದ.

ಎರಡು ಪರೀಕ್ಷೆಗಳ ನಡುವಿನ ಅಂತರ ಎಷ್ಟೆಂಬುದು ಲೆಕ್ಕ ಹಾಕಿದರೆ ಕಾಣುತ್ತದೆ. ಒಂದು ಕಲ್ಪಿತ ಕಾರ್ಖಾನೆ ವರ್ಷಕ್ಕೆ 1 ಲಕ್ಷ ನಗ ತಯಾರಿಸುತ್ತದೆ ಎಂದಿಟ್ಟುಕೊಳ್ಳೋಣ. ಹೊರದೇಶದ ಮಾಲಿನ ಬೆಲೆ ನಗಕ್ಕೆ 100 ರೂಪಾಯಿ. ಕೆಲಸ ಕಲಿಯುವ ಮೊದಲ 5 ವರ್ಷ ಇಲ್ಲಿಯ ಖರ್ಚು 120. ಕೈ ಪಳಗಿದ ಮೇಲೆ ಶಾಶ್ವತವಾಗಿ 90. ಮಿಲ್ ಪರೀಕ್ಷೆಯಲ್ಲಿ ಈ ಕಾರ್ಖಾನೆ ಸರಾಗವಾಗಿ ಪಾಸು. ಈಗ ಬಡ್ಡಿ ಸೇರಿಸಿ ನೋಡಬೇಕು. ಮೊದಲ 5 ವರ್ಷ ಪ್ರತಿ ವರ್ಷಾಂತ್ಯಕ್ಕೆ 20 ಲಕ್ಷ ರೂಪಾಯಿ ನಷ್ಟ. ಶೇ 10ರ ಚಕ್ರಬಡ್ಡಿಯಲ್ಲಿ ಐದನೇ ವರ್ಷದ ಕೊನೆಗೆ ಈ ಹೊರೆ ಸುಮಾರು 122 ಲಕ್ಷಕ್ಕೆ ಬೆಳೆದಿರುತ್ತದೆ. ಅದರ ಮೇಲಿನ ಒಂದು ವರ್ಷದ ಬಡ್ಡಿಯೇ 12 ಲಕ್ಷ ದಾಟುತ್ತದೆ. ಪಳಗಿದ ಕಾರ್ಖಾನೆ ದೇಶಕ್ಕೆ ಉಳಿಸಿಕೊಡುವುದು ವರ್ಷಕ್ಕೆ 10 ಲಕ್ಷ. ಅಂದರೆ ಅಸಲು ಹಾಗಿರಲಿ, ಬಡ್ಡಿಯೂ ಎಂದೆಂದಿಗೂ ತೀರುವುದಿಲ್ಲ. ಬಡ್ಡಿ ಶೇ 5 ಇದ್ದಿದ್ದರೆ ಹೊರೆ ಸುಮಾರು 110 ಲಕ್ಷ, ವರ್ಷದ ಬಡ್ಡಿ ಐದೂವರೆ ಲಕ್ಷ. ಆಗ ಬ್ಯಾಸ್ಟಬಲ್ ಪರೀಕ್ಷೆಯಲ್ಲೂ ಪಾಸಾಗುತ್ತಿತ್ತು. ‘ಈಗ ನೋಡಿ, ಆ ಕೈಗಾರಿಕೆ ಎಷ್ಟು ಚೆನ್ನಾಗಿ ನಡೆಯುತ್ತಿದೆ’ ಎಂದು ತೋರಿಸಿದ ಮಾತ್ರಕ್ಕೆ ಹಿಂದಿನ ರಕ್ಷಣೆ ಸರಿಯಾಗಿತ್ತೆಂದು ತೀರ್ಮಾನಿಸಲು ಬರುವುದಿಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಮುಂದಿದೆ. ನಾಳಿನ ಲಾಭ ಬಡ್ಡಿಸಮೇತ ನಷ್ಟವನ್ನು ತುಂಬುವುದು ಖಚಿತವಾದರೆ, ಉದ್ಯಮಿ ತಾನೇ ಸಾಲ ತಂದು ಆ ಐದು ವರ್ಷ ಕಳೆಯಬಹುದಲ್ಲ? ಎಲ್ಲ ಹೊಸ ಉದ್ಯಮಗಳೂ ಮೊದಲ ಕೆಲವು ವರ್ಷ ಕೈಯಿಂದ ಹಾಕುತ್ತವೆ. ಅದಕ್ಕಾಗಿ ಸುಂಕ ಕೇಳುವುದಿಲ್ಲ. ಆದ್ದರಿಂದ ಶಿಶು ಕೈಗಾರಿಕೆ ವಾದ ನಿಲ್ಲಬೇಕಾದರೆ ಮಾರುಕಟ್ಟೆಯಲ್ಲಿ ಏನೋ ಒಂದು ಕೆಟ್ಟಿದೆ ಎಂದು ತೋರಿಸಬೇಕಾಗುತ್ತದೆ. ಅಂಥ ಕಾರಣಗಳಲ್ಲಿ ಎರಡಕ್ಕೆ ತೂಕವಿದೆ. ದೀರ್ಘಕಾಲದ ಸಾಲ ಕೊಡುವ ಬ್ಯಾಂಕುಗಳೇ ಆ ದೇಶದಲ್ಲಿ ಇಲ್ಲದಿರಬಹುದು. ಅಥವಾ ಮೊದಲು ಕೈಹಾಕಿದವನು ಖರ್ಚು ಮಾಡಿ ಕಲಿತ ವಿದ್ಯೆ, ತರಬೇತಿ ಕೊಟ್ಟ ಕೆಲಸಗಾರರು ನೆರೆಯ ಕಾರ್ಖಾನೆಗೆ ಬಿಟ್ಟಿಯಾಗಿ ಹೋಗಿಬಿಡಬಹುದು. ಹಾಗಾಗಿ ದೇಶಕ್ಕೆ ಲಾಭವಾದರೂ ಅವನಿಗೆ ಆಗುವುದಿಲ್ಲ, ಯಾರೂ ಮೊದಲು ಇಳಿಯುವುದಿಲ್ಲ. ಎರಡನೆಯ ಕಾರಣ ನಿಜವಾಗಿ ಬಲವಾದದ್ದು.

ಆದರೂ ಅಲ್ಲಿಂದ ನೇರವಾಗಿ ಸುಂಕಕ್ಕೆ ಜಿಗಿಯಲಾಗದು. ಮೇಲಿನ ಕಾರ್ಖಾನೆಗೆ ಬೇಕಿರುವುದು ನಗಕ್ಕೆ 20 ರೂಪಾಯಿ. ಸರ್ಕಾರ ಅದನ್ನು ಸಹಾಯಧನವಾಗಿ ಕೊಟ್ಟರೆ ಬೊಕ್ಕಸಕ್ಕೆ ವರ್ಷಕ್ಕೆ 20 ಲಕ್ಷ ಖರ್ಚು, ಕೊಳ್ಳುವವರಿಗೆ ಬೆಲೆ 100 ರೂಪಾಯಿಯೇ. ಸುಂಕ ಹಾಕಿದರೆ ದೇಶದಲ್ಲಿ ಮಾರಾಟವಾಗುವ ಪ್ರತಿಯೊಂದು ನಗವೂ, ಆಮದಾದದ್ದೂ ಸೇರಿ, 120 ರೂಪಾಯಿ ಆಗುತ್ತದೆ. ಮೊದಲು 5 ಲಕ್ಷ ನಗ ಕೊಳ್ಳುತ್ತಿದ್ದ ಜನ 4 ಲಕ್ಷಕ್ಕೆ ಇಳಿದರು ಎಂದರೆ, ಅವರು ಹೆಚ್ಚಿಗೆ ತೆರುವುದು 80 ಲಕ್ಷ. ಅದರಲ್ಲಿ ಕಾರ್ಖಾನೆಗೆ ಸೇರುವುದು 20 ಲಕ್ಷ, ಸರ್ಕಾರಕ್ಕೆ 60 ಲಕ್ಷ. ಕೊಳ್ಳದೆ ಬಿಟ್ಟ ಒಂದು ಲಕ್ಷ ನಗದ ಉಪಯೋಗ ಯಾರಿಗೂ ಸಿಗದೆ ಹೋಯಿತು. ಸುಂಕದಿಂದ ಬೊಕ್ಕಸ ತುಂಬುತ್ತದೆ, ಸಹಾಯಧನದಿಂದ ಬರಿದಾಗುತ್ತದೆ. ಸರ್ಕಾರಗಳಿಗೆ ಸುಂಕ ಪ್ರಿಯವಾಗಲು ಇದೂ ಒಂದು ಕಾರಣ. ಮಿಲ್ ಕೂಡ ಕೊನೆಗಾಲದಲ್ಲಿ, ತನ್ನ ಮಾತನ್ನು ಎಲ್ಲೆಲ್ಲೋ ಬಳಸುವುದನ್ನು ಕಂಡು, ಸುಂಕಕ್ಕಿಂತ ನೇರ ಸಹಾಯಧನ ಲೇಸು ಎಂಬ ಕಡೆಗೆ ವಾಲಿದ.

ಭಾರತದಲ್ಲಿ ಈ ವಾದಕ್ಕೆ ಬರಹದ ಪರೀಕ್ಷೆಯೊಂದನ್ನು ಇಟ್ಟದ್ದು ಬ್ರಿಟಿಷರ ಕಾಲದಲ್ಲಿ. ಇಬ್ರಾಹಿಂ ರಹಿಮತುಲ್ಲಾ ಅಧ್ಯಕ್ಷತೆಯ ಭಾರತೀಯ ವಿತ್ತ ಆಯೋಗ 1921–22ರಲ್ಲಿ ಮೂರು ಷರತ್ತುಗಳನ್ನು ಸೂಚಿಸಿತು. ಕೈಗಾರಿಕೆಗೆ ಕಚ್ಚಾಮಾಲು, ಕೆಲಸಗಾರರು, ದೊಡ್ಡ ಒಳಮಾರುಕಟ್ಟೆ ಮುಂತಾದ ಸಹಜ ಅನುಕೂಲ ಇರಬೇಕು. ರಕ್ಷಣೆಯಿಲ್ಲದೆ ಅದು ಬೆಳೆಯದಂತಿರಬೇಕು ಅಥವಾ ಬೇಕಾದಷ್ಟು ಬೇಗ ಬೆಳೆಯದಂತಿರಬೇಕು. ಕೊನೆಗೆ ರಕ್ಷಣೆಯಿಲ್ಲದೆ ಲೋಕದ ಸ್ಪರ್ಧೆ ಎದುರಿಸುವಂತಾಗಬೇಕು. ಮೂರನೆಯದು ಮಿಲ್ ಪರೀಕ್ಷೆಯೇ. ಬ್ಯಾಸ್ಟಬಲ್‌ನ ಬಡ್ಡಿ ಲೆಕ್ಕ ಇದರಲ್ಲಿಲ್ಲ.

ಈ ಸೂತ್ರದಡಿ ಮೊದಲು ರಕ್ಷಣೆ ಪಡೆದದ್ದು ಉಕ್ಕು. ಜಮ್ಷೆಡ್‌ಪುರದ ಟಾಟಾ ಕಾರ್ಖಾನೆ 1912ರಲ್ಲಿ ಉಕ್ಕು ಎರಕಕ್ಕೆ ಇಳಿದಿತ್ತು. ಮೊದಲ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಅಗ್ಗದ ಉಕ್ಕಿನ ಎದುರು ತತ್ತರಿಸುತ್ತಿತ್ತು. 1924ರ ಕಾಯ್ದೆ ಆಮದು ಉಕ್ಕಿನ ಸುಂಕ ಏರಿಸಿತು. ಜೊತೆಗೆ ರೈಲು ಕಂಬಿಗಳಿಗೆ ಟನ್ನಿಗೆ ಇಷ್ಟು ಎಂದು ಸಹಾಯಧನ ಕೊಟ್ಟಿತು, ಅದೂ ವರ್ಷದಿಂದ ವರ್ಷಕ್ಕೆ ಇಳಿಯುವ ಲೆಕ್ಕದಲ್ಲಿ. ತಾತ್ಕಾಲಿಕ ಎಂಬ ಮಾತಿಗೆ ಇಳಿಯುವ ಸಹಾಯಧನದಷ್ಟು ಪ್ರಾಮಾಣಿಕವಾದ ರೂಪ ಇನ್ನೊಂದಿಲ್ಲ. ಆದರೆ ಮೊದಲು ಮೂರು ವರ್ಷಕ್ಕೆಂದು ಬಂದ ಸುಂಕದ ರಕ್ಷಣೆ ಹೊಸ ಹೊಸ ರೂಪದಲ್ಲಿ ಮುಂದುವರಿದು 1947ರಲ್ಲಿ ನಿಂತಿತು. 1932ರಲ್ಲಿ ಸಕ್ಕರೆಗೆ ರಕ್ಷಣೆ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ದೇಶದ ತುಂಬ ಸಕ್ಕರೆ ಕಾರ್ಖಾನೆಗಳೆದ್ದವು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದು ಆ ಅಲೆಯಲ್ಲೇ. ಗಾಜಿನ ಕೈಗಾರಿಕೆಗೆ ಮಾತ್ರ ಸರ್ಕಾರ ಇಲ್ಲವೆಂದಿತು. ಸೋಡಾ ಬೂದಿಯನ್ನು ಹೊರಗಿನಿಂದ ತರಬೇಕಾಗಿರುವುದರಿಂದ ಸಹಜ ಅನುಕೂಲ ಇಲ್ಲ ಎಂಬುದು ಕಾರಣ. ಕಚ್ಚಾಮಾಲೆಲ್ಲ ಒಳಗೇ ಇರಬೇಕೆಂಬ ಈ ತರ್ಕ ದುರ್ಬಲ. ಹತ್ತಿ ಬೆಳೆಯದ ಇಂಗ್ಲೆಂಡಿನಲ್ಲೇ ಲ್ಯಾಂಕಷೈರಿನ ಬಟ್ಟೆ ಗಿರಣಿಗಳು ಬೆಳೆದದ್ದು.

ಡಂಪಿಂಗ್ ವಿಷಯಕ್ಕೆ ಬಂದರೆ, ಮೊದಲು ಬಿಡಬೇಕಾದದ್ದು ‘ಖರ್ಚಿಗಿಂತ ಕಡಿಮೆಗೆ ಮಾರುವುದೇ ಡಂಪಿಂಗ್’ ಎಂಬ ತಿಳಿವಳಿಕೆ. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ ಪ್ರಕಾರ ಒಂದು ಸರಕಿನ ರಫ್ತು ಬೆಲೆ ಅದರ ಸಾಮಾನ್ಯ ಮೌಲ್ಯಕ್ಕಿಂತ ಕಡಿಮೆಯಿದ್ದರೆ ಡಂಪಿಂಗ್. ಸಾಮಾನ್ಯ ಮೌಲ್ಯವೆಂದರೆ ಮೊದಲಿಗೆ ಆ ದೇಶದೊಳಗೆ ಅದು ಮಾರಾಟವಾಗುವ ಬೆಲೆ. ಅದು ಸಿಗದಿದ್ದರೆ ಮೂರನೆಯ ದೇಶಕ್ಕೆ ಕಳಿಸುವ ಬೆಲೆ, ಇಲ್ಲವೇ ಉತ್ಪಾದನಾ ಖರ್ಚಿಗೆ ಆಡಳಿತ ವೆಚ್ಚ ಮತ್ತು ಲಾಭ ಸೇರಿಸಿ ಕಟ್ಟಿದ ಬೆಲೆ. ಹಾಗಾಗಿ ಲಾಭದಲ್ಲೇ ಮಾರುತ್ತಿರುವವನೂ ಡಂಪಿಂಗ್ ಮಾಡುತ್ತಿರಬಹುದು. ನಷ್ಟದಲ್ಲಿ ಮಾರುತ್ತಿರುವವನು, ಮನೆಯಲ್ಲೂ ಹೊರಗೂ ಒಂದೇ ಬೆಲೆ ಹಿಡಿದು ಆ ಬೆಲೆಯನ್ನೇ ಅಳತೆಗೋಲಾಗಿ ತೆಗೆದುಕೊಂಡರೆ, ಮಾಡದೆಯೂ ಇರಬಹುದು.

ಒಂದೇ ಮಾಲಿಗೆ ಎರಡು ಬೆಲೆ ಏಕೆ ಎಂಬುದಕ್ಕೆ ಕುತಂತ್ರ ಹುಡುಕಬೇಕಾಗಿಲ್ಲ. ಸ್ವದೇಶದಲ್ಲಿ ಸ್ಪರ್ಧಿಗಳು ಕಡಿಮೆ, ಗಿರಾಕಿಗೆ ಬೇರೆ ದಾರಿಯಿಲ್ಲ. ಅಲ್ಲಿ ಬೆಲೆ ಹೆಚ್ಚು ಹಿಡಿಯಬಹುದು. ಪರದೇಶದಲ್ಲಿ ಹತ್ತು ಜನ ಸ್ಪರ್ಧಿಗಳು, ಒಂದು ರೂಪಾಯಿ ಏರಿಸಿದರೂ ಗಿರಾಕಿ ಹೋಗುತ್ತಾನೆ; ಅಲ್ಲಿ ಬೆಲೆ ಇಳಿಸಬೇಕು. ಯಂತ್ರ, ಕಟ್ಟಡದ ಖರ್ಚು ಹೇಗೂ ಆಗಿಹೋಗಿರುವಾಗ, ಹೆಚ್ಚುವರಿ ಒಂದು ನಗ ತಯಾರಿಸಲು ಬೀಳುವ ಖರ್ಚಿಗಿಂತ ನಾಲ್ಕು ಕಾಸು ಹೆಚ್ಚು ಸಿಕ್ಕರೂ ರಫ್ತು ಲಾಭವೇ. ಜೇಕಬ್ ವೈನರ್ 1923ರಲ್ಲಿ ಬರೆದ ಪುಸ್ತಕ ಡಂಪಿಂಗನ್ನು ಹೀಗೆ ಬೆಲೆ ಭೇದವೆಂದೇ ಕಂಡು, ಅದು ಎಷ್ಟು ಕಾಲ ನಡೆಯುತ್ತದೆ ಎಂಬುದರ ಮೇಲೆ ಅದನ್ನು ವಿಂಗಡಿಸಿತು. ಆ ವಿಂಗಡಣೆ ಇಂದಿಗೂ ಕೆಲಸಕ್ಕೆ ಬರುತ್ತದೆ. ಸಂಜೆ ಸಂತೆ ಮುಗಿಯುವ ಹೊತ್ತಿಗೆ ಉಳಿದ ಟೊಮೆಟೊವನ್ನು ಸಿಕ್ಕ ಬೆಲೆಗೆ ಕೊಟ್ಟು ಹೋಗುವಂತೆ, ಮಿಕ್ಕ ದಾಸ್ತಾನನ್ನು ಒಮ್ಮೆ ಹೊರಗೆ ತಳ್ಳುವುದು ಒಂದು ಬಗೆ. ವರ್ಷಾನುಗಟ್ಟಲೆ ಕಡಿಮೆ ಬೆಲೆಯಲ್ಲೇ ಕಳಿಸುತ್ತಿರುವುದು ಇನ್ನೊಂದು. ಸ್ಥಳೀಯ ಉತ್ಪಾದಕರನ್ನು ಮುಳುಗಿಸಿ, ಆಮೇಲೆ ಏಕಸ್ವಾಮ್ಯದ ಬೆಲೆ ಹಿಡಿಯುವ ಉದ್ದೇಶದ್ದು ಮೂರನೆಯದು.

ನಿರಂತರ ಅಗ್ಗದ ಆಮದಿನಿಂದ ದೇಶಕ್ಕೆ ಒಟ್ಟಿನಲ್ಲಿ ನಷ್ಟವೇ? ದುಂಡು ಅಂಕಿಯಲ್ಲಿ ಒಂದು ಉದಾಹರಣೆ: ದೇಶದೊಳಗೆ 14,000 ಟನ್ ನೂಲು ತಯಾರಾಗುತ್ತದೆ, 8,000 ಟನ್ ಹೊರಗಿನಿಂದ ಬರುತ್ತದೆ, ಅಗ್ಗದ ಆಮದಿನಿಂದ ಬೆಲೆ ಕಿಲೋಗೆ 100 ರೂಪಾಯಿ ಇಳಿಯಿತು. ಸ್ಥಳೀಯ ಉತ್ಪಾದಕರಿಗೆ 140 ಕೋಟಿ ಕಡಿಮೆ ಸಿಕ್ಕಿತು. ಆ 140 ಕೋಟಿ ನೂಲು ಕೊಳ್ಳುವವರ ಜೇಬಿನಲ್ಲೇ ಉಳಿಯಿತು. ಆಮದಾದ ನೂಲಿನ ಮೇಲೆ ಅವರಿಗೆ ಇನ್ನೂ 80 ಕೋಟಿ ಉಳಿಯಿತು, ಅದಕ್ಕೆ ಎದುರಾಗಿ ದೇಶದೊಳಗೆ ಯಾರ ನಷ್ಟವೂ ಇಲ್ಲ. ಒಟ್ಟು ಲೆಕ್ಕದಲ್ಲಿ ಆಮದು ಮಾಡುವ ದೇಶಕ್ಕೆ ಲಾಭ. ಮಾರುವವನು ತನ್ನ ದೇಶದಲ್ಲಿ ಎಷ್ಟಕ್ಕೆ ಮಾರುತ್ತಾನೆ ಎಂಬುದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ ಎಂಬುದನ್ನು ಗಮನಿಸಬೇಕು. ಅದೇ ಬೆಲೆಗೆ ಅವನು ಡಂಪಿಂಗ್ ಇಲ್ಲದೆ, ದಕ್ಷತೆಯಿಂದಲೇ ಮಾರಿದ್ದರೂ ಇಲ್ಲಿಯ ಉತ್ಪಾದಕನಿಗೆ ಆಗುವ ಪೆಟ್ಟು ಅಷ್ಟೇ. ಆದರೆ ಈ ಒಟ್ಟು ಲೆಕ್ಕ 140 ಕೋಟಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳುವುದಿಲ್ಲ. ಕಳೆದುಕೊಂಡವನು ಒಂದೆಕರೆ ತೋಟದ ರೈತನಾಗಿದ್ದರೆ ಆ ಪ್ರಶ್ನೆಯನ್ನು ಬದಿಗಿಡುವುದು ಕಷ್ಟ.

ಮೂರನೆಯ ಬಗೆ, ಅಂದರೆ ಕೊಂದು ಆಳುವ ಡಂಪಿಂಗ್, ನಿಜವಾಗಿ ಹಾನಿಕರ. ಆದರೆ ಅದು ಫಲಿಸಬೇಕಾದರೆ ಸ್ಪರ್ಧಿಗಳು ಸತ್ತ ಮೇಲೆ ಬೆಲೆ ಏರಿಸಲು ಸಾಧ್ಯವಾಗಬೇಕು. ಬೇರೆ ದೇಶದವರು ಬರಬಾರದು, ಮುಚ್ಚಿದವರು ಮತ್ತೆ ತೆರೆಯಬಾರದು. ಕಾನೂನಿನ ತನಿಖೆ ಇದನ್ನು ಕೇಳುವುದೇ ಇಲ್ಲ. ಅದು ಕೇಳುವುದು ಮೂರು: ಬೆಲೆ ವ್ಯತ್ಯಾಸವಿದೆಯೇ, ದೇಶೀಯ ಉದ್ಯಮಕ್ಕೆ ಹಾನಿಯಾಗಿದೆಯೇ, ಹಾನಿಗೆ ಆ ಆಮದೇ ಕಾರಣವೇ. ಡಂಪಿಂಗ್ ಕಾನೂನಿಗೆ ಅರ್ಥಶಾಸ್ತ್ರದ ದೊಡ್ಡ ಆಕ್ಷೇಪ ಇಲ್ಲಿದೆ.

ಭಾರತದಲ್ಲಿ ಈ ತನಿಖೆ ನಡೆಸುವುದು ವಾಣಿಜ್ಯ ಸಚಿವಾಲಯದ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ. ಶಿಫಾರಸನ್ನು ಒಪ್ಪಿ ಸುಂಕ ಹಾಕುವುದು ಅಥವಾ ಬಿಡುವುದು ಹಣಕಾಸು ಸಚಿವಾಲಯ. ದೂರು ಕೊಡುವವರ ಪರವಾಗಿ ದೇಶದ ಉತ್ಪಾದನೆಯ ಕನಿಷ್ಠ ಶೇ 25 ಪಾಲಿನವರು ನಿಲ್ಲಬೇಕು. ಡಂಪಿಂಗ್ ಅಂತರ ರಫ್ತು ಬೆಲೆಯ ಶೇ 2ಕ್ಕಿಂತ ಕಡಿಮೆಯಿದ್ದರೆ ತನಿಖೆ ಅಲ್ಲಿಗೇ ಮುಗಿಯುತ್ತದೆ. ಹಾಕಿದ ಸುಂಕ ಮರುಪರಿಶೀಲನೆ ಆಗದಿದ್ದರೆ 5 ವರ್ಷಕ್ಕೆ ತಾನಾಗಿ ಕೊನೆಗೊಳ್ಳುತ್ತದೆ.

ಸುಂಕ ಎಷ್ಟು ಎಂಬುದರ ಲೆಕ್ಕಕ್ಕೆ ಒಂದು ಕಲ್ಪಿತ ಪ್ರಕರಣ ಸಾಕು. ಕಿಲೋ ನೂಲಿನ ಸಾಮಾನ್ಯ ಮೌಲ್ಯ 26 ಡಾಲರ್, ಕಾರ್ಖಾನೆ ಬಾಗಿಲಿನ ರಫ್ತು ಬೆಲೆ 20. ಡಂಪಿಂಗ್ ಅಂತರ 6 ಡಾಲರ್, ಅಂದರೆ ರಫ್ತು ಬೆಲೆಯ ಶೇ 30. ಸಾಗಣೆ, ಸಾಮಾನ್ಯ ಸುಂಕ ಸೇರಿ ಆ ನೂಲು ಭಾರತದ ಬಂದರಿಗೆ ಮುಟ್ಟುವಾಗ 25 ಡಾಲರ್. ಇಲ್ಲಿಯ ಉತ್ಪಾದಕ ನ್ಯಾಯವಾದ ಖರ್ಚು, ಲಾಭ ಪಡೆಯಲು ಬೇಕಾದ ಬೆಲೆ 29. ಹಾನಿಯ ಅಂತರ 4 ಡಾಲರ್. ಎರಡರಲ್ಲಿ ಕಡಿಮೆ ಯಾವುದೋ ಅಷ್ಟೇ ಸುಂಕ ಹಾಕುವುದು ಭಾರತದ ನಿಯಮ. ಇಲ್ಲಿ 4 ಡಾಲರ್. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ ಇದನ್ನು ಅಪೇಕ್ಷಿಸುತ್ತದೆಯೇ ಹೊರತು ಕಡ್ಡಾಯ ಮಾಡುವುದಿಲ್ಲ. ಈ ಲೆಕ್ಕದಲ್ಲಿ ನೇಕಾರನ ನಷ್ಟಕ್ಕೆ ಒಂದು ಸಾಲೂ ಇಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ಬಳಕೆದಾರರ ಹಿತವನ್ನೂ ತೂಗುವ ಹೆಜ್ಜೆಯೊಂದಿದೆ.

ಇಷ್ಟು ತಿಳಿದ ಮೇಲೆ ಕರ್ನಾಟಕಕ್ಕೆ ಹತ್ತಿರದ ನಿಜ ಪ್ರಕರಣ ನೋಡಬಹುದು. ಚೀನಾದಿಂದ ಬರುವ ಹಿಪ್ಪುನೇರಳೆ ಕಚ್ಚಾ ರೇಷ್ಮೆಯಲ್ಲಿ 2ಎ ಮತ್ತು ಅದಕ್ಕಿಂತ ಕೆಳ ದರ್ಜೆಯದರ ಮೇಲೆ ಭಾರತ 2003ರಲ್ಲಿ ಆ್ಯಂಟಿ-ಡಂಪಿಂಗ್ ಸುಂಕ ಹಾಕಿತು. ಸುಮಾರು ಹತ್ತು ವರ್ಷ ಅದು ಜಾರಿಯಲ್ಲಿತ್ತು. ದೇಶದ ಹಿಪ್ಪುನೇರಳೆ ರೇಷ್ಮೆಯಲ್ಲಿ ದೊಡ್ಡ ಪಾಲು ಕರ್ನಾಟಕದ್ದು. ರಾಮನಗರ, ಶಿಡ್ಲಘಟ್ಟದ ಗೂಡು ಮಾರುಕಟ್ಟೆಯಲ್ಲಿ ನೂಲು ಬಿಚ್ಚಾಣಿಕೆದಾರರು ಕೂಗುವ ಹರಾಜು ಬೆಲೆ ಚೀನಾ ನೂಲಿನ ಬೆಲೆಯನ್ನು ಹಿಂಬಾಲಿಸುತ್ತದೆ.

ಇಲ್ಲಿ ಮೊದಲ ತೊಡಕು ಸಾಮಾನ್ಯ ಮೌಲ್ಯದ್ದು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಒಪ್ಪಿದ ಷರತ್ತಿನಂತೆ ಅದನ್ನು ಮಾರುಕಟ್ಟೆಯೇತರ ಆರ್ಥಿಕತೆ ಎಂದು ಪರಿಗಣಿಸಿ, ಚೀನಾದೊಳಗಿನ ಬೆಲೆಯನ್ನು ಬಿಟ್ಟು ಬೇರೆ ಆಧಾರದಿಂದ ಮೌಲ್ಯ ಕಟ್ಟಲು ಅವಕಾಶವಿತ್ತು. ಅಂದರೆ ಸ್ವದೇಶದ ಬೆಲೆಗಿಂತ ಅಗ್ಗ ಎಂಬ ಡಂಪಿಂಗ್‌ನ ಮೂಲ ಅರ್ಥವೇ ಕಳಚಿ ಬೀಳುತ್ತದೆ. ಕಟ್ಟಿದ ಬೆಲೆ ಚೀನಾಕ್ಕಿಂತ ದುಬಾರಿಯಾಗಿ ನೂಲು ತೆಗೆಯುವವರ ಖರ್ಚನ್ನು ಆಧರಿಸಿದ್ದರೆ, ಅಗ್ಗದ ಉತ್ಪಾದಕ ಅಗ್ಗವಾಗಿರುವುದೇ ಅಪರಾಧವೆಂದು ಕಾಣತೊಡಗುತ್ತದೆ.

ಎರಡನೆಯ ತೊಡಕು ಸುಂಕದ ರೂಪದ್ದು. ಇದು ಕಿಲೋಗೆ ಇಷ್ಟು ಎಂಬ ಸುಂಕವಲ್ಲ, 27.97 ಡಾಲರಿನ ಒಂದು ಗೆರೆ ಎಳೆದು, ಬಂದರಿಗೆ ಮುಟ್ಟಿದ ಬೆಲೆ ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟನ್ನು ಸುಂಕವಾಗಿ ತೆಗೆಯುವ ಪದ್ಧತಿ. ಮುಟ್ಟಿದ ಬೆಲೆ 22 ಡಾಲರಾದರೆ ಸುಂಕ 5.97, 28 ಆದರೆ ಸೊನ್ನೆ. ನೋಡಲು ಇದು ಹದವಾದ ಉಪಾಯ. ಆದರೆ ಮಾರುವವನ ಜಾಗದಲ್ಲಿ ನಿಂತು ಯೋಚಿಸಿದರೆ ಬೇರೆ ಕಾಣುತ್ತದೆ. ಅಗ್ಗ ಮಾಡಿದಷ್ಟೂ ಅದೆಲ್ಲ ಭಾರತದ ಬೊಕ್ಕಸಕ್ಕೆ ಹೋಗುತ್ತದೆ. ಗಿರಾಕಿಗೆ ಹೇಗೂ 27.97 ಬೀಳುತ್ತದೆ. ಹಾಗಿರುವಾಗ ಬೆಲೆಯನ್ನೇ ಏರಿಸಿ ಆ ಹಣವನ್ನು ತಾನೇ ಇಟ್ಟುಕೊಳ್ಳಬಾರದೇಕೆ? ಕಿಲೋಗೆ ಇಷ್ಟು ಎಂದು ನಿಗದಿಯಾದ ಸುಂಕದಲ್ಲಿ ಬೊಕ್ಕಸಕ್ಕೆ ಬರುತ್ತಿದ್ದ ಹಣ, ಗೆರೆಯ ಸುಂಕದಲ್ಲಿ ರಫ್ತುದಾರನ ಲಾಭವಾಗಿ ಹೊರಗೇ ಉಳಿದುಬಿಡಬಹುದು. ಸರಕುಪಟ್ಟಿಯಲ್ಲಿ ಮಾತ್ರ ಬೆಲೆ ಏರಿಸಿ ಬರೆಯುವ ಆಮಿಷವೂ ಇದರೊಳಗೇ ಹುಟ್ಟುತ್ತದೆ. ದರ್ಜೆ ಆಧರಿಸಿ ಸುಂಕ ಹಾಕಿದರೆ ಕೆಳ ದರ್ಜೆಯ ನೂಲು ಮೇಲಿನ ದರ್ಜೆಯ ಚೀಟಿ ಹೊತ್ತು ಬರುವ ಆಮಿಷವೂ ಅಷ್ಟೇ ಸಹಜ.

ಮೂರನೆಯದು ನೇಕಾರರ ಪ್ರಶ್ನೆ. ರೇಷ್ಮೆ ಸೀರೆಯ ಖರ್ಚಿನಲ್ಲಿ ದೊಡ್ಡ ಪಾಲು ನೂಲಿನದು. ವಿದ್ಯುತ್ ಮಗ್ಗದ ವೇಗ ತಡೆಯುವ ಹಾಸಿನ ಎಳೆಗೆ ಏಕಸಮನಾದ, ತುಂಡಾಗದ ದ್ವಿತಳಿ ನೂಲು ಬೇಕು. ಚರಕದಲ್ಲಿ ತೆಗೆದ ಮಿಶ್ರತಳಿ ನೂಲು ಹೊಕ್ಕಿಗೆ ಸರಿ, ಹಾಸಿಗೆ ಕಷ್ಟ. ದೇಶದಲ್ಲಿ ಆಗ ಹೆಚ್ಚು ತಯಾರಾಗುತ್ತಿದ್ದದ್ದು ಮಿಶ್ರತಳಿ. ಹೀಗಾಗಿ ಸುಂಕದ ಒಂದಿಷ್ಟು ಭಾಗ ಇಲ್ಲಿ ಸಾಕಷ್ಟು ಸಿಗದ ಮಾಲಿನ ಮೇಲೆಯೇ ಬಿದ್ದು ನೇಕಾರರ ಮೇಲಿನ ತೆರಿಗೆಯಾಯಿತು. ನೂಲಿನ ಮೇಲೆ ಸುಂಕ ಏರಿಸಿ ಬಟ್ಟೆಯನ್ನು ಹಾಗೇ ಬಿಟ್ಟರೆ, ಚೀನಾದವರು ನೂಲಿನ ಬದಲು ಬಟ್ಟೆಯನ್ನೇ ಕಳಿಸುತ್ತಾರೆ. ಆಗ ರಕ್ಷಣೆಯಿಂದ ನೂಲು ತೆಗೆಯುವವರಿಗೂ ಲಾಭವಿಲ್ಲ, ನೇಕಾರರಿಗೆ ಎರಡು ಕಡೆಯಿಂದ ಪೆಟ್ಟು. ಮುಂದೆ ಚೀನಾದ ರೇಷ್ಮೆ ಬಟ್ಟೆಯ ಮೇಲೂ ಆ್ಯಂಟಿ-ಡಂಪಿಂಗ್ ಸುಂಕ ಬಂದದ್ದು ಅಚ್ಚರಿಯಲ್ಲ. ಕಚ್ಚಾಮಾಲಿನಲ್ಲಿ ಶುರುವಾದ ರಕ್ಷಣೆ ಮೆಟ್ಟಿಲು ಮೆಟ್ಟಿಲಾಗಿ ಸಿದ್ಧ ಸರಕಿನವರೆಗೆ ಏರುವುದು ಎಲ್ಲ ದೇಶಗಳಲ್ಲೂ ಕಂಡ ನಡೆ.

2011ರಲ್ಲಿ ಗೆರೆಯ ಸುಂಕದ ಮಿತಿ ಬಯಲಾಯಿತು. ಐದು ವರ್ಷದ ಬಳಿಕ ಮುಂದುವರಿಸುವಾಗ ಗೆರೆಯನ್ನು ಮೇಲಕ್ಕೆ ಏರಿಸಿದ್ದರೂ, ಆ ಹೊತ್ತಿಗೆ ಚೀನಾ ರೇಷ್ಮೆಯ ಬೆಲೆ ಅದನ್ನೂ ದಾಟಿ ಹೋಗಿತ್ತು. ಆ್ಯಂಟಿ-ಡಂಪಿಂಗ್ ಸುಂಕ ಕಾಗದದ ಮೇಲಿದ್ದರೂ ಏನನ್ನೂ ತಡೆಯುತ್ತಿರಲಿಲ್ಲ. ಆ ವರ್ಷದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಸಾಮಾನ್ಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ನೇಕಾರರಿಗೆ ಉಸಿರು ಬಂತು, ರಾಮನಗರದಲ್ಲಿ ಗೂಡಿನ ಬೆಲೆ ಬಿತ್ತು, ರೈತರು ಬೀದಿಗಿಳಿದರು. 2013ರ ಬಜೆಟ್ಟಿನಲ್ಲಿ ಸುಂಕ ಮತ್ತೆ ಶೇ 15ಕ್ಕೆ ಏರಿತು. ಈ ಏರಿಳಿತದಲ್ಲಿ ಡಂಪಿಂಗ್ ಎಂಬ ಮಾತಿಗೆ ಪಾತ್ರವೇ ಇರಲಿಲ್ಲ. ರೈತನಿಗೂ ನೇಕಾರನಿಗೂ ತಾಕಿದ್ದು ಬೆಲೆ. ಆ ಬೆಲೆ ನ್ಯಾಯದ್ದೋ ಅನ್ಯಾಯದ್ದೋ ಎಂಬುದಲ್ಲ.

ಕೊಂದು ಆಳುವ ಡಂಪಿಂಗಿನ ಭಯ ರೇಷ್ಮೆಯಲ್ಲಿ ಪೂರ್ತಿ ಪೊಳ್ಳೂ ಅಲ್ಲ. ಲೋಕದ ಕಚ್ಚಾ ರೇಷ್ಮೆಯ ಬಹುಪಾಲು ಚೀನಾದ್ದೇ. ಭಾರತ ಕೈಬಿಟ್ಟರೆ ತುಂಬಲು ಮೂರನೆಯವರಿಲ್ಲ. ಎದುರು ಬದಿಯ ಸಂಗತಿಗಳೂ ಇವೆ. ಚೀನಾದಲ್ಲಿ ನೂಲು ತೆಗೆಯುವ ಗಿರಣಿಗಳು ಅಸಂಖ್ಯ, ಅವೆಲ್ಲ ಒಟ್ಟಾಗಿ ಬೆಲೆ ಕಟ್ಟುವುದು ಸುಲಭವಲ್ಲ. ಮುಚ್ಚಿದ ಚರಕ ಘಟಕವನ್ನು ಮತ್ತೆ ತೆರೆಯಲು ದೊಡ್ಡ ಬಂಡವಾಳ ಬೇಡ. ಕಿತ್ತ ಹಿಪ್ಪುನೇರಳೆ ತೋಟದ ಮಾತು ಬೇರೆ. ಹೊಸದಾಗಿ ನೆಟ್ಟು ಪೂರ್ತಿ ಸೊಪ್ಪು ಬರಲು ಕಾಲ ಹಿಡಿಯುತ್ತದೆ, ಒಮ್ಮೆ ಬಾಳೆಗೋ ತೆಂಗಿಗೋ ಹೋದ ರೈತ ಹುಳು ಸಾಕಣೆಗೆ ಮರಳುವುದು ಅಪರೂಪ. ರಕ್ಷಣೆಗೆ ಅರ್ಥಶಾಸ್ತ್ರದ ಬಲ ಸಿಗುವುದಾದರೆ ಈ ಒಂದು ಕಡೆಯಿಂದ.

ರೇಷ್ಮೆಯವರು ಕೆಲವೊಮ್ಮೆ ಶಿಶು ಕೈಗಾರಿಕೆ ವಾದವನ್ನೂ ಜೊತೆಗೆ ತರುತ್ತಾರೆ. ಟಿಪ್ಪು ಸುಲ್ತಾನನ ಕಾಲದಿಂದ ಮೈಸೂರು ಸೀಮೆಯಲ್ಲಿರುವ ಕಸುಬನ್ನು ಶಿಶು ಎನ್ನಲು ಬಾರದು. 1934ರಲ್ಲೇ ರೇಷ್ಮೆಗೆ ಸುಂಕದ ರಕ್ಷಣೆ ಸಿಕ್ಕಿತ್ತು. ನಿಜವಾಗಿ ಎಳೆಯದಾಗಿದ್ದದ್ದು ದ್ವಿತಳಿ ರೇಷ್ಮೆ. ನಮ್ಮ ಬಿಸಿಲಿಗೆ ತಾಳುವ ದ್ವಿತಳಿ ಹುಳು, ಅದಕ್ಕೆ ತಕ್ಕ ಸೊಪ್ಪು, ಚಾಕಿ ಸಾಕಣೆಯ ಕ್ರಮ, ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರ ಎಲ್ಲವನ್ನೂ ಹೊಸದಾಗಿ ಕಲಿಯಬೇಕಿತ್ತು. ಈ ಕಲಿಕೆ ಹರಡಿಹೋಗುವಂಥದ್ದು: ಒಬ್ಬ ರೈತ ಪ್ರಯೋಗ ಮಾಡಿ ಗೆದ್ದರೆ ಊರೆಲ್ಲ ಬಿಟ್ಟಿ ಕಲಿಯುತ್ತದೆ, ಸೋತರೆ ನಷ್ಟ ಅವನೊಬ್ಬನದು. ಶಿಶು ಕೈಗಾರಿಕೆ ವಾದ ಕೇಳುವ ಸಾಕ್ಷ್ಯ ಇಲ್ಲಿ ಸರಿಯಾಗಿ ಸಿಗುತ್ತದೆ. ಅದಕ್ಕೆ ಹೊಂದುವ ಮದ್ದು ಸಂಶೋಧನೆ, ಒಳ್ಳೆಯ ಮೊಟ್ಟೆ, ತರಬೇತಿ ಮತ್ತು ಯಂತ್ರಕ್ಕೆ ಸಹಾಯಧನ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ನೆರವಿನ ಯೋಜನೆಯೊಂದಿಗೆ 1990ರ ದಶಕದಲ್ಲಿ ಬಿಡುಗಡೆ ಮಾಡಿದ ಸಿಎಸ್‌ಆರ್ ದ್ವಿತಳಿ ಹುಳುಗಳು ಈ ದಾರಿಯವು.

ಚೀನಾ ನೂಲಿನ ಮೇಲಿನ ಆ್ಯಂಟಿ-ಡಂಪಿಂಗ್ ಸುಂಕ ಕೊನೆಗೊಂಡ ಹೊತ್ತಿಗೆ, 2013–14ರಲ್ಲಿ, ಭಾರತದ ದ್ವಿತಳಿ ರೇಷ್ಮೆ ಉತ್ಪಾದನೆ ಸುಮಾರು 2,500 ಟನ್. 2018–19ರಲ್ಲಿ ಅದು ಸುಮಾರು 7,000 ಟನ್‌ಗೆ ಬಂತು. ಸಾಮಾನ್ಯ ಆಮದು ಸುಂಕ ಆಗಲೂ ಇದ್ದದ್ದರಿಂದ ಈ ಏರಿಕೆಯ ಪೂರ್ತಿ ಶ್ರೇಯವನ್ನು ಯಾವುದಾದರೂ ಒಂದಕ್ಕೆ ಕೊಡಲಾಗದು.